ಅಪ್‌ಡೇಟ್ ಆಗಿದೆ ಮೇಡಂ

ಮೊಬೈಲ್ ನಂಬರ್ ಬದಲಾಯಿಸಿದ ಮೇಲೆ ನಿಮಗೂ ಬ್ಯಾಂಕ್ ಮೆಸೇಜ್ ನಿಂತುಹೋಗಿದ್ದರೆ, ಕೌಂಟರಿನವರ ಉತ್ತರ ಈಗಾಗಲೇ ಬಾಯಿಪಾಠ ಆಗಿರುತ್ತದೆ: "ಅಪ್‌ಡೇಟ್ ಆಗಿದೆ ಮೇಡಂ." ನನಗೂ ಹಾಗೇ ಹೇಳಿದರು. ಮಾನಿಟರ್ ತಿರುಗಿಸಿ ತೋರಿಸಿದರು. ಹೊಸ ನಂಬರ್ ಇತ್ತು, ನಿಜ. ಮೆಸೇಜ್ ಮಾತ್ರ ಇಲ್ಲ.

ಖಾತೆ ನಮ್ಮ ಮಾವನವರದು. ಸೋಮವಾರಪೇಟೆ ಕಡೆಯ ಹಳೇ ಕಾಫಿ ಬೆಳೆಗಾರರು. ಅವರ ಡೈರಿಯಲ್ಲಿ ಎಡಗಡೆ ಪುಟ ಮಳೆಗೆ, ಬಲಗಡೆ ಪುಟ ಬ್ಯಾಂಕಿಗೆ. ಎಡಕ್ಕೆ "1 ಇಂಚು 40 ಸೆಂಟ್". ಬಲಕ್ಕೆ ಬಂದ ಮೆಸೇಜ್, ಪೂರ್ತಿಯಾಗಿ. ಬರೆಯುವ ಮೊದಲು ಜೋರಾಗಿ ಓದಬೇಕು. "ಡಿಯರ್ ಕಸ್ಟಮರ್" ಎಂದು ಶುರು ಮಾಡಿದರೆ ಅಂಗಳದಲ್ಲಿ ಕಾಫಿ ಹರಡುವವರು ಕೈ ನಿಲ್ಲಿಸಿ ಕೇಳುತ್ತಾರೆ. ನಮ್ಮ ಬ್ಯಾಲೆನ್ಸ್ ನಮಗಿಂತ ಮೊದಲು ಕೆಲಸದವರ ಲೈನ್‌ಮನೆಗೆ ಗೊತ್ತಾಗುತ್ತದೆ. ಒಂದು ದಿನ ಒಟಿಪಿಯನ್ನೂ ಓದಿದರು, "ಯಾರಿಗೂ ಹೇಳಬೇಡಿ" ಎಂಬ ಸಾಲಿನ ಸಮೇತ. ಆ ಸಾಲನ್ನು ಇನ್ನೂ ಸ್ವಲ್ಪ ಜೋರಾಗಿ.

ಹಳೇ ಸಿಮ್ ಅತ್ತೆಯ ಹೆಸರಲ್ಲಿತ್ತು. ಅವರು ಹೋದ ಮೇಲೆ ಅದಕ್ಕೆ ರೀಚಾರ್ಜ್ ಮಾಡಿಸುತ್ತಿದ್ದೆವು. ಆದರೆ ಮನೆ ಹತ್ತಿರ ಆ ಕಂಪನಿಯ ರೇಂಜೇ ಸಿಗುತ್ತಿರಲಿಲ್ಲ. ಕೊನೆಗೆ ಮಾವನವರ ಹೆಸರಲ್ಲೇ ಬೇರೆ ನಂಬರ್ ತೆಗೆದುಕೊಂಡೆವು. ಹಳೇ ಸಿಮ್ಮನ್ನು ಮಾವ ಬಿಸಾಡಲಿಲ್ಲ, ಡೈರಿಯ ಕವರಿನೊಳಗೆ ಇಟ್ಟುಕೊಂಡರು. ನಾವ್ಯಾರೂ ಯಾಕೆ ಅಂತ ಕೇಳಲಿಲ್ಲ.

ಬಲಗಡೆ ಪುಟ ಖಾಲಿ ಉಳಿಯಿತು. ಮೊದಲು ಎಲ್ಲರೂ ಬೈದದ್ದು ನೆಟ್‌ವರ್ಕಿಗೆ. ಕೊಡಗಿನ ಮಳೆಗಾಲ ಗೊತ್ತಲ್ವಾ, ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ ಹೋಗುತ್ತದೆ. ಮಾವ ಛತ್ರಿ ಹಿಡಿದು ಗೇಟಿನ ಹತ್ತಿರ ನಿಂತು ಫೋನನ್ನು ಮೇಲಕ್ಕೆತ್ತಿ ಕಾಯುತ್ತಿದ್ದರು. ಆದರೆ ಅದೇ ಗೇಟಿನಲ್ಲಿ ಒಟಿಪಿ ಬಂತು! ಅಂದರೆ ಹೊಸ ನಂಬರ್ ಬ್ಯಾಂಕಿಗೆ ಗೊತ್ತು, ಸಿಮ್ಮೂ ಸರಿ ಇದೆ. ಎರಡೂ ಬರದಿದ್ದರೆ ನಂಬರೇ ಬದಲಾಗಿಲ್ಲ ಅಂತ ಅನುಮಾನ ಪಡಬಹುದು. ಒಟಿಪಿ ಬಂದು, ದುಡ್ಡು ತೆಗೆದ ಮೆಸೇಜ್ ಬರದಿದ್ದರೆ ತೊಂದರೆ ಅಲರ್ಟ್ ಸೆಟ್ಟಿಂಗಿನಲ್ಲಿ.

ಯಾಕೆಂದರೆ ಎಷ್ಟೋ ಬ್ಯಾಂಕುಗಳಲ್ಲಿ ನಮ್ಮ ನಂಬರ್ ಒಂದೇ ಕಡೆ ಕೂತಿರುವುದಿಲ್ಲ. ಕಸ್ಟಮರ್ ಐಡಿಯಲ್ಲಿ ಒಂದು ಸಲ. ಎಸ್‌ಎಂಎಸ್ ಅಲರ್ಟ್ ನೋಂದಣಿಯಲ್ಲಿ ಇನ್ನೊಂದು ಸಲ, ಅದೂ ಒಂದೊಂದು ಖಾತೆಗೆ ಬೇರೆ ಬೇರೆ. ನಾವು ಫಾರಂ ತುಂಬಿಸಿ ಕೊಟ್ಟಾಗ ಮೊದಲನೆಯದನ್ನು ತಿದ್ದುತ್ತಾರೆ. ಎರಡನೆಯದು ಹಳೇ ನಂಬರಿಗೇ ನಿಷ್ಠೆಯಿಂದ ಮೆಸೇಜ್ ಕಳಿಸುತ್ತಾ ಇರುತ್ತದೆ. ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಆಮೇಲೆ ನಮ್ಮ ಬ್ಯಾಲೆನ್ಸ್ ಯಾರದೋ ಮನೆಯ ಲೈನಿಗೂ ಗೊತ್ತಾಗುತ್ತದೆ.

ಹಾಗಾಗಿ "ನಂಬರ್ ಅಪ್‌ಡೇಟ್ ಮಾಡಿ" ಅಂದರೆ ಸಾಲದು. "ಈ ಖಾತೆಯ ಎಸ್‌ಎಂಎಸ್ ಅಲರ್ಟ್ ಯಾವ ನಂಬರಿಗೆ ಇದೆ, ಆ ಪೇಜ್ ತೆಗೆದು ನೋಡಿ" ಅನ್ನಬೇಕು. ನಾನು ಹಾಗೆ ಕೇಳಿದಾಗ ಕೌಂಟರಿನವರು ಒಳಗಿನ ಟೇಬಲ್ಲಿಗೆ ಕಳಿಸಿದರು. ಅಲ್ಲಿದ್ದ ಹುಡುಗಿ ಪೇಜ್ ತೆಗೆದಳು. ಅತ್ತೆಯ ಹಳೇ ನಂಬರ್ ಆರಾಮಾಗಿ ಕೂತಿತ್ತು. ಅದನ್ನು ತೆಗೆದು, ಹೊಸದಾಗಿ ನೋಂದಾಯಿಸಿ, ಜಮಾ ಮತ್ತು ಖರ್ಚು ಎರಡಕ್ಕೂ ಟಿಕ್ ಹಾಕಿದಳು. ನೆಟ್ ಬ್ಯಾಂಕಿಂಗ್ ಇರುವವರು ಸುಮಾರು ಬ್ಯಾಂಕುಗಳಲ್ಲಿ ಇದನ್ನು ಮನೆಯಲ್ಲೇ ನೋಡಬಹುದು. ಪ್ರೊಫೈಲಿನಲ್ಲೋ ಸರ್ವೀಸಸ್‌ನಲ್ಲೋ ಎಸ್‌ಎಂಎಸ್ ಅಲರ್ಟ್ ಅಂತ ಇರುತ್ತದೆ. ನಂಬರಿನ ಕೊನೆಯ ಅಂಕಿಗಳು ನಿಮ್ಮವೇನಾ ನೋಡಿ. ಎಷ್ಟು ರೂಪಾಯಿ ಮೇಲ್ಪಟ್ಟರೆ ಮೆಸೇಜ್ ಬರಬೇಕು ಎಂಬ ಮಿತಿ ಇದ್ದರೆ ಅದನ್ನೂ ನೋಡಿ.

ಈ ಮಿತಿಯೇ ನಮ್ಮನ್ನು ಇನ್ನೊಮ್ಮೆ ಕುಣಿಸಿತು. ಬ್ಯಾಂಕಿನಿಂದ ಹೊರಗೆ ಬಂದು ಪರೀಕ್ಷೆ ಮಾಡೋಣ ಅಂತ ಯುಪಿಐನಲ್ಲಿ 10 ರೂಪಾಯಿ ಕೊಟ್ಟು ಚಹಾ ಕುಡಿದೆವು. ಮೆಸೇಜ್ ಇಲ್ಲ. ಮಾವ ಕೆಂಪಗಾದರು. ವಾಪಸ್ ಹೋದರೆ ಆ ಹುಡುಗಿ, "ಸಣ್ಣ ಯುಪಿಐಗೆ ನಾವು ಮೆಸೇಜ್ ಕಳಿಸಲ್ಲ ಅಂಕಲ್" ಅಂದಳು. ಕೆಲವು ಬ್ಯಾಂಕುಗಳು ಹೀಗೆ ಮಾಡುತ್ತವೆ. ಎಟಿಎಂನಲ್ಲಿ 500 ತೆಗೆದೆವು. ಟಿಣ್ ಅಂತು. ಮಾವ ರಸ್ತೆಯಲ್ಲೇ "ಡಿಯರ್ ಕಸ್ಟಮರ್" ಶುರು ಮಾಡಿದರು.

ಇಷ್ಟು ರಗಳೆ ಸುಮ್ನೆ ಅಲ್ಲ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ಬ್ಯಾಂಕಿನದೂ ನಮ್ಮದೂ ತಪ್ಪಿಲ್ಲದೆ ಮೂರನೆಯವರ ಕೈವಾಡದಿಂದ ದುಡ್ಡು ಹೋದರೆ, ಬ್ಯಾಂಕಿನಿಂದ ತಿಳುವಳಿಕೆ ಬಂದ ಮೇಲೆ 3 ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟ ಇಲ್ಲ. ಮೆಸೇಜ್ ಸತ್ತ ನಂಬರಿಗೆ ಹೋಗಿದ್ದರೆ ಅದು "ಬಂದಂತೆ" ಹೌದೋ ಅಲ್ಲವೋ ಅಂತ ವಾದ ಮಾಡುವ ಗ್ರಹಚಾರ ಯಾರಿಗೆ ಬೇಕು?

ಇವತ್ತು ಬೆಳಿಗ್ಗೆ ಮತ್ತೆ ಟಿಣ್ ಅಂತು. ಮೂರು ತಿಂಗಳ ಎಸ್‌ಎಂಎಸ್ ಶುಲ್ಕ, ಜಿಎಸ್‌ಟಿ ಸೇರಿಸಿ ಕಡಿತ.

"ಬಾರದ ಮೆಸೇಜಿಗೆ ದುಡ್ಡಾ?" ಅಂದರು ಮಾವ.

"ಅವರು ಕಳಿಸಿದ್ದಾರೆ ಮಾವ, ಹಳೇ ನಂಬರಿಗೆ" ಅಂದೆ.

ಮಾವ ಮಾತಾಡಲಿಲ್ಲ. ಸೋಮವಾರ ಸಂತೆಗೆ ಹೋಗುವಾಗ ಬ್ಯಾಂಕಿಗೂ ಹೋಗುವುದಿದೆಯಂತೆ. ನಾನೂ ಜೊತೆಗೆ ಬರಬೇಕಂತೆ.