ಅಪ್ಪನ ಫೋನು, ಅಜ್ಜಿಯ ಟ್ರಂಕು

ಈ ಸಲ ಯುಗಾದಿಗೆ ಊರಿಗೆ ಹೋಗಿದ್ದೆ. ಹಬ್ಬದ ಹಿಂದಿನ ದಿನ ಅಪ್ಪನ ಜೊತೆ ತಿಪಟೂರಿನ ದಿನಸಿ ಅಂಗಡಿಗೆ ಹೋದೆ. ಬೇಳೆ, ಬೆಲ್ಲ ಎಲ್ಲ ಸೇರಿ ₹640 ಆಯಿತು. ಅಪ್ಪ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು. ಫೋನನ್ನು ಅಂಗಡಿ ಹುಡುಗನ ಕೈಗೆ ಕೊಟ್ಟು, "ನೀನೇ ಹಾಕ್ಕೊಳ್ಳಪ್ಪಾ" ಅಂದರು. ಆಮೇಲೆ ನಾಲ್ಕು ಅಂಕಿಯ ಪಿನ್ನನ್ನು ಗಟ್ಟಿಯಾಗಿ ಹೇಳಿಯೇಬಿಟ್ಟರು. ಹಿಂದೆ ಐದಾರು ಜನ ನಿಂತಿದ್ದರು. ನನಗೆ ಎದೆ ಧಸಕ್ಕೆಂದಿತು.

ಸಂಜೆ ಕೂತು ಅವರ ಫೋನ್ ನೋಡಿದೆ. ಒಂದೇ ಆಪ್‌ನಲ್ಲಿ ಮೂರು ಖಾತೆ. ಹಳೇ ಸಂಬಳದ ಖಾತೆ, ಅಮ್ಮನ ಜೊತೆಗಿರುವ ಜಂಟಿ ಖಾತೆ, ಪೆನ್ಷನ್ ಖಾತೆ. ಸ್ಕ್ಯಾನ್ ಮಾಡಿದರೆ ದುಡ್ಡು ಹೋಗುತ್ತಿದ್ದದ್ದು ಪೆನ್ಷನ್ ಖಾತೆಯಿಂದ. ನಿವೃತ್ತಿಯಾದಾಗ ಬಂದ ಹಣದ ದೊಡ್ಡ ಪಾಲು ಇರುವುದೂ ಅಲ್ಲೇ. ಕೊತ್ತಂಬರಿ ಸೊಪ್ಪು ಕೊಳ್ಳುವ ಬಾಗಿಲು, ಮೂವತ್ತು ವರ್ಷದ ದುಡಿಮೆ ಇಟ್ಟ ಬಾಗಿಲು, ಎರಡೂ ಒಂದೇ ಆಗಿತ್ತು.

ನಾನಿರುವುದು ಸಿಂಗಪುರದಲ್ಲಿ. ಇಲ್ಲಿಯೂ ಮೊಬೈಲ್ ನಂಬರಿಗೆ ದುಡ್ಡು ಕಳಿಸುವ ಪೇನೌ ಇದೆ. ವ್ಯತ್ಯಾಸ ಇರುವುದು ಬ್ಯಾಂಕು ನಡೆದುಕೊಳ್ಳುವ ರೀತಿಯಲ್ಲಿ. 2022ರ ಜನವರಿಯಲ್ಲಿ ಇಲ್ಲಿನ ಬ್ಯಾಂಕುಗಳು ಗ್ರಾಹಕರಿಗೆ ಕಳಿಸುವ ಎಸ್ಸೆಮ್ಮೆಸ್‌ನಿಂದ ಲಿಂಕುಗಳನ್ನೇ ತೆಗೆದುಹಾಕಬೇಕಾಯಿತು. ಹೊಸ ಫೋನಿನಲ್ಲಿ ಬ್ಯಾಂಕ್ ವ್ಯವಹಾರಕ್ಕೆ ಒಪ್ಪಿಗೆ ಕೊಡುವ ಡಿಜಿಟಲ್ ಟೋಕನ್ ಹಾಕಿದರೆ ಅದು ಕೆಲಸ ಶುರು ಮಾಡಲು ಕನಿಷ್ಠ 12 ಗಂಟೆ ಕಾಯಬೇಕು. 2023ರ ಕೊನೆಯಲ್ಲಿ 'ಮನಿ ಲಾಕ್' ಬಂತು. ಖಾತೆಯ ಇಷ್ಟು ಹಣ ಆನ್‌ಲೈನ್‌ನಲ್ಲಿ ಯಾರೂ ಮುಟ್ಟಬಾರದು ಅಂತ ಬೀಗ ಹಾಕಿಬಿಡಬಹುದು. ನನ್ನ ಉಳಿತಾಯ ಹಾಗೆ ಬೀಗದೊಳಗಿದೆ, ದಿನದ ಖರ್ಚಿಗೆ ಬೇಕಾದಷ್ಟು ಮಾತ್ರ ಹೊರಗಿದೆ. ನಮ್ಮೂರಲ್ಲಿ ಇದನ್ನೆಲ್ಲ ಗ್ರಾಹಕನೇ ಹುಡುಕಿಕೊಂಡು ಮಾಡಬೇಕು. ಅಪ್ಪನಿಗೆ ಆಪ್ ಹಾಕಿಕೊಟ್ಟವರು ಖಾತೆ ಸೇರಿಸುವುದನ್ನು ಹೇಳಿಕೊಟ್ಟರು, ತೆಗೆಯುವುದನ್ನು ಯಾರೂ ಹೇಳಲಿಲ್ಲ.

ಅಜ್ಜಿ ಸಂತೆಗೆ ಹೊರಟರೆ ಸೆರಗಿನ ತುದಿಗೆ ಅಂದಿನ ಖರ್ಚಿನಷ್ಟೇ ಕಟ್ಟಿಕೊಳ್ಳುತ್ತಿದ್ದಳು. ಮಿಕ್ಕದ್ದು ಟ್ರಂಕಿನಲ್ಲಿ. ಅಪ್ಪನ ಫೋನಿನಲ್ಲೂ ಅದನ್ನೇ ಮಾಡಲು ಹೊರಟೆ.

ಮೊದಲು ಮಿತಿ ಕಡಿಮೆ ಮಾಡೋಣ ಅನ್ನಿಸಿತು. ಯುಪಿಐನಲ್ಲಿ ಸಾಮಾನ್ಯವಾಗಿ ದಿನಕ್ಕೆ ₹1 ಲಕ್ಷದವರೆಗೆ ಕಳಿಸಬಹುದು. ಇದನ್ನು ಇಳಿಸುವ ಜಾಗ ಅಪ್ಪ ಬಳಸುವ ಪೇಮೆಂಟ್ ಆಪ್‌ನಲ್ಲಿ ಸಿಗಲಿಲ್ಲ. ಹಳೇ ಸಂಬಳದ ಖಾತೆಯ ಬ್ಯಾಂಕಿನ ಸ್ವಂತ ಆಪ್‌ನಲ್ಲಿ ಇತ್ತು, ಅಲ್ಲಿ ದಿನಕ್ಕೆ ₹5,000 ಮಾಡಿದೆ. ಪೆನ್ಷನ್ ಬರುವ ಬ್ಯಾಂಕಿನ ಆಪ್‌ನಲ್ಲಿ ಎಷ್ಟು ತಡಕಾಡಿದರೂ ಕಾಣಲಿಲ್ಲ. ಆಗ ಅರ್ಥವಾಯಿತು, ಎಲ್ಲ ಬ್ಯಾಂಕಲ್ಲೂ ನಡೆಯುವ ಮಿತಿ ಒಂದೇ: ಜೋಡಿಸಿದ ಖಾತೆಯಲ್ಲಿ ಎಷ್ಟು ದುಡ್ಡಿದೆ ಅನ್ನೋದು. ಹಾಗಾಗಿ ಪೇಮೆಂಟ್ ಆಪ್‌ನ ಪ್ರೊಫೈಲ್‌ನಲ್ಲಿ ಬ್ಯಾಂಕ್ ಖಾತೆಗಳ ಪಟ್ಟಿ ತೆರೆದು ಪೆನ್ಷನ್ ಖಾತೆ, ಜಂಟಿ ಖಾತೆ ಎರಡನ್ನೂ ತೆಗೆದೆ. ಹಳೇ ಸಂಬಳದ ಖಾತೆಯಲ್ಲಿ ₹10,000 ಇಟ್ಟು ಅದೊಂದನ್ನೇ ಉಳಿಸಿದೆ. ಫೋನಿನ ಮೂಲೆಯಲ್ಲಿ ಇನ್ನೊಂದು ಪೇಮೆಂಟ್ ಆಪ್ ಇತ್ತು, ಅದರಲ್ಲೂ ಪೆನ್ಷನ್ ಖಾತೆ ಕೂತಿತ್ತು. ಆಪ್ ಡಿಲೀಟ್ ಮಾಡಿದ ಮಾತ್ರಕ್ಕೆ ಖಾತೆ ಬಿಟ್ಟುಹೋಗುವುದಿಲ್ಲ. ಒಳಗೆ ಹೋಗಿ ಖಾತೆ ತೆಗೆದು, ಆಮೇಲೆ ಆಪ್ ತೆಗೆದೆ.

ಕೆಲಸ ಮುಗೀತು ಅಂತ ಫೋನನ್ನು ಕವರಿಗೆ ಹಾಕುವಾಗ ಕವರ್ ಹಿಂದಿನಿಂದ ಡೆಬಿಟ್ ಕಾರ್ಡ್ ಜಾರಿ ಬಿತ್ತು. ಪೆನ್ಷನ್ ಖಾತೆಯದೇ! ನನಗೆ ನಿಜಕ್ಕೂ ಭಯವಾದದ್ದು ಆಗ. ಖಾತೆಯನ್ನು ಮತ್ತೆ ಜೋಡಿಸಿ ಹೊಸ ಯುಪಿಐ ಪಿನ್ ಇಡಲು ಸಾಮಾನ್ಯವಾಗಿ ಬೇಕಾದದ್ದು ಏನು? ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು-ವರ್ಷ, ಮತ್ತು ಒಂದು ಒಟಿಪಿ. ಮೊದಲೆರಡು ಕಾರ್ಡಿನ ಮೇಲೆ, ಮೂರನೆಯದು ಅದೇ ಫೋನಿಗೆ ಬರುತ್ತದೆ. ಫೋನ್ ಸಿಕ್ಕವನಿಗೆ ಹಳೇ ಪಿನ್ ಗೊತ್ತಿರಬೇಕು ಅಂತಲೇ ಇಲ್ಲ. ಆಧಾರ್ ಒಟಿಪಿಯಿಂದ ಪಿನ್ ಇಡುವ ದಾರಿಯೂ ಇದೆ. ಹಾಗಾಗಿ ಕಾರ್ಡೂ ಆಧಾರ್ ಜೆರಾಕ್ಸೂ ಎರಡೂ ಬೀರುವಿಗೆ ಹೋದವು. ಕೆಲವು ಬ್ಯಾಂಕುಗಳ ನೆಟ್‌ಬ್ಯಾಂಕಿಂಗ್‌ನಲ್ಲಿ ಒಂದು ಖಾತೆಗೆ ಯುಪಿಐ ಸೇವೆಯನ್ನೇ ನಿಲ್ಲಿಸುವ ಆಯ್ಕೆ ಇರುತ್ತದೆ. ಅಪ್ಪನ ಪೆನ್ಷನ್ ಬ್ಯಾಂಕಿನಲ್ಲಿ ಅದು ಇತ್ತು, ನಿಲ್ಲಿಸಿದೆ.

ಇನ್ನು ಆಪ್ ಲಾಕ್. ಅದು ಮೊದಲೇ ಆನ್ ಆಗಿತ್ತು, "ನೋಡು, ನಾನೇ ಹಾಕಿದ್ದು" ಅಂತ ಅಪ್ಪ ಖುಷಿಯಿಂದ ತೋರಿಸಿದರು. ಆದರೆ ಈ ಲಾಕ್ ಫೋನಿನ ಬೀಗವನ್ನೇ ಕೇಳುತ್ತದೆ. ಫೋನಿಗೆ ಇದ್ದದ್ದು ಗಾಜಿನ ಮೇಲೆ ಬೆರಳಿನ ಜಿಡ್ಡಲ್ಲೇ ಕಾಣುವ 'ಎಲ್' ಆಕಾರದ ಪ್ಯಾಟರ್ನ್. ಜೊತೆಗೆ ನಾಲ್ಕು ಬೆರಳಚ್ಚು, ಅದರಲ್ಲಿ ಎರಡು ಅಣ್ಣನ ಮಗನದು, ಗೇಮ್ ಆಡಲಿಕ್ಕೆ. ಯುಪಿಐ ಲೈಟ್‌ನಲ್ಲಿ ₹1,000ದವರೆಗಿನ ಪಾವತಿಗೆ ಪಿನ್ ಕೇಳುವುದೇ ಇಲ್ಲ, ಅಲ್ಲಿ ಕಾವಲು ಅಂದರೆ ಈ ಬೀಗವೊಂದೇ. ಬೆರಳಚ್ಚೆಲ್ಲ ಅಳಿಸಿ ಅಪ್ಪನದು ಮಾತ್ರ ಇಟ್ಟೆ. ಫೋನಿಗೆ ಆರು ಅಂಕಿಯ ಪಿನ್ ಹಾಕಿದೆ. ಯುಪಿಐ ಪಿನ್ ಬದಲಾಯಿಸುವಾಗ ನಾನು ಆಚೆ ಎದ್ದು ಹೋದೆ. ಅದು ಫೋನಿನ ಪಿನ್ ಆಗಬಾರದು, ಮದುವೆಯ ವರ್ಷವೂ ಆಗಬಾರದು, ಇಷ್ಟೇ ಹೇಳಿದ್ದು.

ಸಿಂಗಪುರಕ್ಕೆ ವಾಪಸ್ ಬಂದ ಮೇಲೂ, ಎಲ್ಲವನ್ನೂ ಗ್ರಾಹಕನ ತಲೆಗೇ ಕಟ್ಟುವ ನಮ್ಮೂರ ಬ್ಯಾಂಕುಗಳ ಮೇಲಿನ ಸಿಟ್ಟು ಹೋಗಿರಲಿಲ್ಲ. ಆದರೆ ಹೋದ ತಿಂಗಳು ಮನೆ ಬದಲಾಯಿಸುವಾಗ ಅಡ್ವಾನ್ಸ್‌ಗೆ ಬೀಗ ಹಾಕಿದ ದುಡ್ಡು ಬೇಕಾಯಿತು. ಅದನ್ನು ಬಿಡಿಸಲು ಕೆಲಸ ಬಿಟ್ಟು ಬ್ಯಾಂಕಿಗೆ ಓಡಿದೆ. ಮಂಡಿ ನೋವಿರುವ ಅಪ್ಪ ಹಾಗೆ ಓಡಬೇಕಾಗಿದ್ದರೆ? ಇನ್ನೊಂದೂ ಒಪ್ಪಲೇಬೇಕು. ಯುಪಿಐ ಆಪ್ ಶುರುವಾಗುವುದೇ ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ ಆ ಫೋನಿನಲ್ಲೇ ಇದ್ದರೆ. ಹೊಸ ಫೋನಿಗೆ ಹಾಕಿದರೆ ಮೊದಲ 24 ಗಂಟೆ ₹5,000ಕ್ಕಿಂತ ಜಾಸ್ತಿ ಕಳಿಸಲಾಗದು. ನಮ್ಮವರು ಏನೂ ಯೋಚಿಸಿಲ್ಲ ಅನ್ನುವುದು ತಪ್ಪಾಗುತ್ತದೆ. ಮತ್ತೆ, ಆ ಅಂಗಡಿ ಹುಡುಗ ಪಿನ್ ಒತ್ತಿದ ಮೇಲೆ ಮೆಲ್ಲಗೆ "ತಾತಾ, ಹಂಗೆ ಎಲ್ರ ಮುಂದೆ ಹೇಳ್ಬೇಡಿ" ಅಂದಿದ್ದ. ಇದನ್ನು ನಾನು ಮೊದಲೇ ಬರೆಯಬೇಕಿತ್ತು.

ಸಿಮ್‌ಗೆ ಪಿನ್ ಲಾಕ್ ಹಾಕುವುದು ಮಾತ್ರ ಉಳಿದುಹೋಯಿತು. ಅದಿಲ್ಲದಿದ್ದರೆ ಕದ್ದವನು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ಒಟಿಪಿ ನೋಡಬಹುದು. ಮೂರು ಸಲ ತಪ್ಪು ಪಿನ್ ಒತ್ತಿದರೆ ಸಿಮ್ ಬ್ಲಾಕ್ ಆಗಿ, ಬಿಡಿಸಲು ಕಂಪನಿಯ ಪಿಯುಕೆ ನಂಬರ್ ಬೇಕಾಗುತ್ತದೆ. ನಾನು ಎದುರಿಗಿಲ್ಲದಾಗ ಅಪ್ಪನಿಗೆ ಆ ಫಜೀತಿ ಬೇಡ ಅಂತ ಬಿಟ್ಟೆ. ದೀಪಾವಳಿಗೆ ಹೋದಾಗ ಕೂತು ಮಾಡುತ್ತೇವೆ. ಅಲ್ಲಿವರೆಗೆ ತಿಂಗಳ ಮೊದಲ ವಾರ ಅಪ್ಪನೇ ಶಾಖೆಗೆ ಹೋಗಿ ಖರ್ಚಿನ ಖಾತೆಗೆ ₹10,000 ಹಾಕಿಸಿ, ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರುತ್ತಾರೆ. ಈ ತಿಂಗಳು 27ಕ್ಕೇ ಖಾಲಿಯಾಯಿತಂತೆ. ಮಾವಿನಹಣ್ಣು ಜಾಸ್ತಿ ತಂದರು ಅಂತ ಅಮ್ಮ ಫೋನಿನಲ್ಲಿ ಹೇಳಿದಳು.