ಬೆರಳು ಬೆಚ್ಚಗಿದ್ದರೂ ಕಾಯಬೇಡಿ

“ಮಗನ ಮೊಣಕಾಲ ಕೆಳಗಿನ ಮೂಳೆ ಮುರಿದು ನಿನ್ನೆ ಪ್ಲಾಸ್ಟರ್ ಹಾಕಿದ್ರು. ಮಾತ್ರೆ ಕೊಟ್ಟರೂ ನೋವು ಏರುತ್ತಲೇ ಇದೆ. ಬೆರಳು ಬೆಚ್ಚಗಿದೆ, ಬೆಳಿಗ್ಗೆವರೆಗೆ ಕಾಯಬಹುದಾ?”

ಬೇಡಮ್ಮ, ಈಗಲೇ ಎಮರ್ಜೆನ್ಸಿಗೆ ಹೊರಡಿ. ಮೂಳೆ ಕೂರಿಸಿ ಪ್ಲಾಸ್ಟರ್ ಹಾಕಿದ ಮೇಲೆ ನೋವು ನಿಧಾನವಾಗಿ ಇಳಿಯಬೇಕು. ಏರುತ್ತಿದ್ದರೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಇರಬಹುದು. ಕಾಲಿನ ಸ್ನಾಯುಗಳನ್ನು ಸುತ್ತಿರುವ ಪೊರೆ ಹಿಗ್ಗುವುದಿಲ್ಲ. ಒಳಗೆ ಬಾವು ಬಂದರೆ ಒತ್ತಡ ಏರಿ, ಮೊದಲು ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ದೊಡ್ಡ ನಾಳದಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ. ಅದಕ್ಕೇ ಬೆರಳು ಬೆಚ್ಚಗಿದೆ, ನಾಡಿ ಸಿಗ್ತಿದೆ ಎಂದು ಸುಮ್ನೆ ಕೂರುವ ಹಾಗಿಲ್ಲ.

ಹೊರಡುವ ಮುನ್ನ ಹೆಬ್ಬೆರಳನ್ನು ನೀವೇ ಮೆಲ್ಲಗೆ ಮೇಲಕ್ಕೆ, ಆಮೇಲೆ ಕೆಳಕ್ಕೆ ಬಾಗಿಸಿ. ಮೊಣಕಾಲ ಕೆಳಗೆ ಒಳಗಿನಿಂದ ಜೀವ ಹೋಗುವಂತೆ ನೋವಾದರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಜೋಮು ಹಿಡಿದಿದ್ದರೆ ಅದನ್ನೂ ಹೇಳಿ. ಏನೂ ಆಗದಿದ್ದರೂ ಹೋಗಲೇಬೇಕು.

ದಾರಿಯಲ್ಲಿ ಕಾಲನ್ನು ದಿಂಬಿನ ಮೇಲೆ ಎತ್ತರಿಸಬೇಡಿ, ಎದೆಯ ಮಟ್ಟದಲ್ಲಿರಲಿ. ಜಾಸ್ತಿ ಎತ್ತಿದರೆ ಬರುವ ರಕ್ತವೂ ಕಡಿಮೆಯಾಗುತ್ತದೆ. ಆಪರೇಷನ್ ಬೇಕಾಗಬಹುದು, ಊಟ ಕೊಡಬೇಡಿ. ಅಲ್ಲಿ ಮೊದಲು ಪ್ಲಾಸ್ಟರನ್ನು, ಒಳಗಿನ ಹತ್ತಿಯನ್ನೂ ಸೇರಿಸಿ, ಚರ್ಮ ಕಾಣುವವರೆಗೆ ಸೀಳಬೇಕು. ಆಗಲೂ ನೋವು ತಗ್ಗದಿದ್ದರೆ ಆ ಪೊರೆಯನ್ನೇ ಕೊಯ್ದು ಬಿಡಿಸುತ್ತಾರೆ. ಸುಮಾರು 6 ಗಂಟೆ ರಕ್ತ ಸಿಗದಿದ್ದರೆ ಸ್ನಾಯು ಸಾಯತೊಡಗುತ್ತದೆ. ಬರೀ ಮಾತ್ರೆ ಬದಲಿಸಿ ವಾಪಸ್ ಕಳಿಸಿದರೆ, ಪ್ಲಾಸ್ಟರ್ ಬಿಚ್ಚಿ ನೋಡಿ ಅಂತ ಪಟ್ಟು ಹಿಡಿಯಿರಿ.