ಸೀಮಂತದ ಹಸೆಯಲ್ಲಿ ಬಸುರಿ ಎಷ್ಟು ಹೊತ್ತು ಕೂರಬೇಕು?

ಪುಣೆಯ ಮರಾಠಿ ಮನೆಗಳ ಡೋಹಾಳೆ ಜೇವಣದಲ್ಲಿ ಬಸುರಿಯನ್ನು ಹೂವಿನ ಉಯ್ಯಾಲೆಯಲ್ಲಿ ಕೂರಿಸುತ್ತಾರೆ. ನಮ್ಮ ಸಾಗರ, ತೀರ್ಥಹಳ್ಳಿ ಕಡೆ ಕೂರಿಸುವುದು ಹಸೆಮಣೆಯ ಮೇಲೆ. ಕೂರುವ ವಿಷಯದಲ್ಲಿ ಅವರದೇ ಮೇಲು ಅನ್ನಿಸುತ್ತದೆ. ಏಳು ತಿಂಗಳ ಹೊಟ್ಟೆ ಹೊತ್ತು ನೆಲಮಟ್ಟದಲ್ಲಿ ಕೂತವಳಿಗೆ ಸೊಂಟ ಹಿಡಿಯುತ್ತದೆ, ಕಾಲು ಜೋಮು ಬರುತ್ತದೆ, ಏಳಲು ಇಬ್ಬರು ಬೇಕಾಗುತ್ತಾರೆ. ಹಸೆಯ ರಂಗೋಲಿ ಹಾಗೇ ಇರಲಿ, ಅದರ ಮೇಲೆ ಬೆನ್ನೊರಗುವ ಅಗಲವಾದ ಕುರ್ಚಿ ಇಡಿ, ಪಾದ ನೆಲ ಮುಟ್ಟುವಂತಿರಲಿ. ಬಟ್ಟಲಡಿಯ ಪೇಡೆಯೋ ಬರ್ಫಿಯೋ ನೋಡಿ ಗಂಡು ಹೆಣ್ಣು ಊಹಿಸುವ ಅವರ ಆಟ ಮಾತ್ರ ನಮಗೆ ಬೇಡ.

ಹೊತ್ತು ತಿನ್ನುವುದು ಆರತಿ. ಮೂವತ್ತು ಹೆಂಗಸರು ಬಂದಿದ್ದಾರೆ ಎನ್ನಿ. ಒಬ್ಬೊಬ್ಬರು ಅರಿಶಿನ ಕುಂಕುಮ ಕೊಟ್ಟು, ಬಳೆ ತೊಡಿಸಿ, ಆರತಿ ಎತ್ತಲು ಎರಡೆರಡು ನಿಮಿಷ ತೆಗೆದುಕೊಂಡರೂ ಒಂದು ಗಂಟೆ ಆಯಿತು. ಐದು ಮುತ್ತೈದೆಯರು ಪೂರ್ತಿ ಶಾಸ್ತ್ರ ಮಾಡಿ, ಉಳಿದವರು ಅಕ್ಷತೆ ಹಾಕಿ ಸರಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಯಾರು ಆ ಐವರು ಎಂದು ಹಿಂದಿನ ದಿನವೇ ಹೇಳಿಬಿಡಿ. ಅಲ್ಲೇ ತೀರ್ಮಾನಿಸಹೊರಟರೆ ಮುನಿಸು ಗ್ಯಾರಂಟಿ. ಹಸಿರು ಬಳೆ ಅವಳ ಮಾಮೂಲಿ ಅಳತೆಗಿಂತ ಒಂದು ಸುತ್ತು ದೊಡ್ಡದಿರಲಿ. ಎರಡು ನಾಲ್ಕರವಳಿಗೆ ಎರಡು ಆರು. ಈ ತಿಂಗಳುಗಳಲ್ಲಿ ಕೈ ಊದಿರುತ್ತದೆ, ಒತ್ತಿ ತೊಡಿಸಿದರೆ ಗಾಜು ಒಡೆದು ಗೀರುತ್ತದೆ.

ಹಾಡಿನಲ್ಲಿ ಮಲೆನಾಡೇ ಗಟ್ಟಿ. ಅದನ್ನೇ ಅವಳ ವಿಶ್ರಾಂತಿಗೆ ಬಳಸಿಕೊಳ್ಳಬಹುದು. ಹಸೆಗೆ ಕರೆಯುವ ಹಾಡು, ಆರತಿ ಹಾಡು ಅವಳೆದುರೇ ಆಗಬೇಕು. ಆದರೆ ತಿಂಗಳು ತಿಂಗಳ ಬಯಕೆ ಹೇಳುವ ಉದ್ದನೆಯ ಹಾಡಿಗೆ ಅವಳು ಹಸೆಯಲ್ಲೇ ಇರಬೇಕೆಂದಿಲ್ಲ. ಆರತಿಯಾದ ಕೂಡಲೇ ಒಳಕೋಣೆಗೆ ಕಳಿಸಿ, ಇಪ್ಪತ್ತು ನಿಮಿಷ ಎಡಮಗ್ಗುಲಾಗಿ ಮಲಗಲಿ, ನೀರು ಕುಡಿಯಲಿ. ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತಬಹುದು. ಹೊರಗೆ ಜಗುಲಿಯಲ್ಲಿ ಹಾಡು ನಡೆಯುತ್ತಿರುತ್ತದೆ, ಬಾಗಿಲು ತೆರೆದಿದ್ದರೆ ಸಾಕು. ಮಡಿಲು ತುಂಬುವುದು ಅವಳು ಎದ್ದು ಬಂದ ಮೇಲೆ. ಒದ್ದೆ ಮಲ್ಲಿಗೆಯ ಮೊಗ್ಗಿನ ಜಡೆ ಭಾರ. ತಲೆನೋವು ಎಂದರೆ ಫೋಟೊ ಮುಗಿಯುತ್ತಲೇ ಬಿಚ್ಚಿಬಿಡಿ. ಜಡೆ ಬಿಚ್ಚಿ ಮಲಗಿದರೂ ನೋವು ಹೋಗದೆ ಕಣ್ಣು ಮಂಜಾದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ ಶಾಸ್ತ್ರ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.

ಬಯಕೆ ಊಟಕ್ಕೆ ಅವಳನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿ. ಹಿರಿಯರೆಲ್ಲ ಉಂಡ ಮೇಲೆ ಎನ್ನುವಷ್ಟರಲ್ಲಿ ಎರಡು ಗಂಟೆಯಾಗಿ, ಹಸಿದ ಬಸುರಿ ಬೆವರುತ್ತಾಳೆ. ಬಡಿಸುವವರಿಗೆ ಒಂದೇ ಮಾತು: ಎಲ್ಲ ಬಗೆಯೂ ಎಲೆಗೆ ಬರಲಿ, ಒಂದೊಂದು ಚಮಚ ಮಾತ್ರ. ತುಂಬಿಸಿ ಬಡಿಸಿದರೆ ಎದೆಯುರಿ ಖಂಡಿತ. ಸಕ್ಕರೆ ಅಂಶ ಹೆಚ್ಚಿರುವವಳಿಗೆ ಕಾಯಿ ಹೋಳಿಗೆ ಕಾಲು ಭಾಗ, ಅದೂ ಡಾಕ್ಟರು ಒಪ್ಪಿದ್ದರೆ. ಉಂಡ ತಕ್ಷಣ ಮಲಗಿಸದೆ, ದಿಂಬಿಗೊರಗಿ ಅರ್ಧ ಗಂಟೆ ಕೂರಲಿ. ಉಡುಗೊರೆ ಕೊಡುವವರು ಅಲ್ಲಿಗೇ ಹೋಗಿ ಕೊಡಬಹುದು.